ಪೆಟ್ಟಿಗೆ ನೆಟ್ಟಗಿದೆ, ಒಳಗಿನ ಗಡಿಯಾರ ಒಡೆದಿದೆ: ಹಳೆಯ ಲೋಲಕದ ಗಡಿಯಾರವನ್ನು ಕಳುಹಿಸುವಾಗ ಆಗುವ ತಪ್ಪನ್ನು ಪತ್ತೆ ಹಚ್ಚುವ ಬಗೆ

ಕಾಸರಗೋಡು ಸೀಮೆಯ ಹಳೆಯ ಮನೆಗಳು ಪಾಲಾದಾಗ ಗದ್ದೆ ತೋಟಗಳ ಲೆಕ್ಕ ಮೊದಲು ಮುಗಿಯುತ್ತದೆ. ಚಾವಡಿಯ ಗೋಡೆಯಲ್ಲಿದ್ದ ಗಡಿಯಾರ ಯಾರಿಗೆ ಎಂಬುದು ಆಮೇಲಿನ ಮಾತು. ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಇಂಥ ಗಡಿಯಾರಗಳು ಇನ್ನೂ ಸಿಗುತ್ತವೆ. ಅಮೆರಿಕದ ಆನ್ಸೋನಿಯಾ, ಜರ್ಮನಿಯ ಜುಂಗ್‌ಹಾನ್ಸ್, ಜಪಾನಿನ ಸೈಕೋಶಾ ಎಂಬ ಹೆಸರುಗಳನ್ನು ಡಯಲಿನ ಮೇಲೆ ಓದಬಹುದು. ಅದನ್ನು ಬೆಂಗಳೂರಿನಲ್ಲಿರುವ ಮಗನಿಗೋ ಅಳಿಯನಿಗೋ ಕಳುಹಿಸುತ್ತಾರೆ, ಅಲ್ಲಿ ತೆರೆದು ನೋಡಿದರೆ ಗಾಜು ಚೂರಾಗಿರುತ್ತದೆ. ಪೆಟ್ಟಿಗೆ ಸಾಗಿಸಿದವರ ಮೇಲೆ ಒಂದು ಸುತ್ತು ಬೈಗುಳ ಮುಗಿದ ಮೇಲೆ ನನಗೆ ಫೋನು ಬರುತ್ತದೆ.

ಗೋಡೆ ಗಡಿಯಾರವನ್ನೇ ಇಲ್ಲಿ ಆರಿಸಿಕೊಳ್ಳಲು ಕಾರಣವಿದೆ. ಅದರಲ್ಲಿ ಗಾಜು, ಯಂತ್ರ, ಕೆತ್ತನೆ ಮೂರೂ ಒಟ್ಟಿಗೆ ಇವೆ. ಒಂದು ಗಡಿಯಾರದ ಗಾಯಗಳನ್ನು ಓದಲು ಕಲಿತವರಿಗೆ ಬರೀ ಗಾಜಿನ ಬುಡ್ಡಿ ದೀಪವನ್ನೋ ಬರೀ ಕೆತ್ತನೆಯ ಹಲಗೆಯನ್ನೋ ನೋಡಿದಾಗ ತಡವರಿಸಬೇಕಾಗಿಲ್ಲ.

ಗುಡಿಸುವ ಮೊದಲು

ಒಡೆದ ಪಾರ್ಸೆಲನ್ನು ಕಂಡ ಕೂಡಲೇ ಜನ ಮಾಡುವ ಮೊದಲ ಕೆಲಸ ಚೂರುಗಳನ್ನು ಗುಡಿಸುವುದು, ಎರಡನೆಯದು ರಟ್ಟನ್ನೂ ಥರ್ಮೋಕೋಲನ್ನೂ ಹೊರಗೆ ಎಸೆಯುವುದು. ಎಲ್ಲಿ ತಪ್ಪಾಯಿತು ಎಂದು ಹೇಳಬಲ್ಲ ಸಾಕ್ಷಿಗಳು ಅವೇ. ಪೆಟ್ಟಿಗೆಯನ್ನು ಅಲುಗಾಡಿಸದೆ ಮೇಜಿನ ಮೇಲೆ ಮಲಗಿಸಿ ಆರೂ ಮುಖಗಳ ಚಿತ್ರ ತೆಗೆಯಿರಿ. ತೆರೆಯುವಾಗ ಮೊಬೈಲಿನಲ್ಲಿ ವಿಡಿಯೊ ಓಡುತ್ತಿರಲಿ. ಒಂದೊಂದು ಪದರ ತೆಗೆದಾಗಲೂ ಅದು ಯಾವ ಬದಿಯಲ್ಲಿತ್ತು ಎಂದು ಅದರ ಮೇಲೆಯೇ ಪೆನ್ಸಿಲಿನಲ್ಲಿ ಬರೆದು ಪಕ್ಕಕ್ಕಿಡಿ. ಚೂರುಗಳು ಎಲ್ಲಿ ಬಿದ್ದಿವೆ, ಬಾಗಿಲಿನ ಒಳಗೋ ಹೊರಗೋ ಎಂಬುದನ್ನು ನೋಡಿಕೊಂಡ ಮೇಲೆ ಅವುಗಳನ್ನು ಎತ್ತಿ. ಬರಿಗೈಯಲ್ಲಿ ಮುಟ್ಟಬೇಡಿ. ಹಳೆಯ ಗಾಜು ತೆಳು, ಅದರ ಅಂಚು ಬ್ಲೇಡಿನಷ್ಟೇ ಹರಿತ.

ಆಮೇಲೆ ಪೆಟ್ಟಿಗೆಯ ಹೊರಮೈ ನೋಡಬೇಕು. ಎತ್ತರದಿಂದ ಬಿದ್ದ ಪೆಟ್ಟಿಗೆಯ ಮೂಲೆಯೋ ಅಂಚೋ ಒಳಕ್ಕೆ ಕುಸಿದಿರುತ್ತದೆ. ಅದರ ಮೇಲೆ ಭಾರ ಪೇರಿಸಿದ್ದರೆ ಪಕ್ಕದ ಮುಖಗಳು ಉಬ್ಬಿಕೊಂಡು ಅಡ್ಡಕ್ಕೆ ಮಡಿಕೆಯ ಗೆರೆ ಬಿದ್ದಿರುತ್ತದೆ. ಒದ್ದೆಯಾದ ರಟ್ಟು ಒಣಗಿದ ಮೇಲೂ ಮೆತ್ತಗಾಗಿ ಅಲೆಯಲೆಯಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವದ ಗಾಳಿಗೇ ರಟ್ಟು ತನ್ನ ಬಲದಲ್ಲಿ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ, ಅದಕ್ಕೆ ನೆನೆಯಲೇಬೇಕೆಂದಿಲ್ಲ. ಈ ಮೂರೂ ಗುರುತುಗಳಿಲ್ಲದೆ ಪೆಟ್ಟಿಗೆ ನೆಟ್ಟಗಿದ್ದು ಒಳಗಿನ ವಸ್ತು ಒಡೆದಿದ್ದರೆ ಸಾಗಿಸಿದವರನ್ನು ಬೈಯುವುದನ್ನು ಸ್ವಲ್ಪ ತಡೆಯಿರಿ. ತಪ್ಪು ಬಹುಮಟ್ಟಿಗೆ ಟೇಪು ಅಂಟಿಸುವ ಮೊದಲೇ ಆಗಿದೆ.

ನೀರ್ಚಾಲಿನಿಂದ ಹೊರಟ ಒಂದು ಗಡಿಯಾರ

ನೀರ್ಚಾಲಿನ ಬಳಿಯ ಒಂದು ಮನೆಯಿಂದ ಬೆಂಗಳೂರಿಗೆ ಹೋದ ಗಡಿಯಾರದ ಸಂಗತಿಯನ್ನು ಇಡಿಯಾಗಿ ಹೇಳುತ್ತೇನೆ. ಮುಕ್ಕಾಲು ಮೀಟರ್ ಎತ್ತರದ, ತಲೆಯ ಮೇಲೆ ಕೆತ್ತನೆಯ ಕಿರೀಟವಿರುವ, ಮುಂದೆ ಉದ್ದನೆಯ ಗಾಜಿನ ಬಾಗಿಲಿರುವ ಜರ್ಮನ್ ಗಡಿಯಾರ. ಪೇಟೆಯಲ್ಲಿ ಪ್ಯಾಕ್ ಮಾಡಿಸಿದ್ದರು. ಬಸ್ಸಿನ ಡಿಕ್ಕಿಯಲ್ಲಿ ಮಂಗಳೂರು, ಶಿರಾಡಿ ಘಾಟಿ, ಹಾಸನದ ದಾರಿಯಾಗಿ ಹೋಯಿತು. ಬೆಳಿಗ್ಗೆ ಆ ಮನೆಯ ಹುಡುಗ ಫೋನು ಮಾಡಿದ.

"ಮಾವ, ಬಸ್ಸಿನವರು ಎಸೆದುಬಿಟ್ಟಿದ್ದಾರೆ."

"ಎಸೆದದ್ದಾದರೆ ಮೂಲೆ ಹೇಳುತ್ತದೆ. ಪೆಟ್ಟಿಗೆಯ ಮೂಲೆಗಳು ಹೇಗಿವೆ ನೋಡು."

ಎಂಟು ಮೂಲೆಗಳೂ ಚೂಪಾಗಿಯೇ ಇದ್ದವು. ಒಳಗೆ ನಾಲ್ಕು ಗಾಯಗಳು. ಬಾಗಿಲಿನ ಗಾಜು ಕೆಳಭಾಗದಲ್ಲಿ ನಕ್ಷತ್ರದಂತೆ ಸೀಳಿತ್ತು. ಲೋಲಕದ ಹಿತ್ತಾಳೆ ಬಿಲ್ಲೆ ಕೊಂಡಿಯಿಂದ ಕಳಚಿ ಗೂಡಿನ ತಳದಲ್ಲಿ ಬಿದ್ದಿತ್ತು. ಕಿರೀಟದ ಎಡಗಡೆಯ ಮೊಗ್ಗು ಕುತ್ತಿಗೆಯಲ್ಲಿ ಮುರಿದಿತ್ತು. ಬಿಲ್ಲೆಯನ್ನು ಮತ್ತೆ ಸಿಕ್ಕಿಸಿ ನಡೆಸಿದಾಗ ಟಿಕ್ ಟಾಕ್ ಕುಂಟುತ್ತಿತ್ತು. ಒಂದೇ ಏಟಿಗೆ ಇಷ್ಟೆಲ್ಲ ಆಯಿತೋ ಅಥವಾ ಒಂದರ ಹಿಂದೆ ಒಂದಾಗಿ ಆಯಿತೋ ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಗಾಜು. ಸೀಳು ಎಲ್ಲಿಂದ ಹೊರಟಿದೆ ಎಂಬುದನ್ನು ಹುಡುಕಬೇಕು. ಚೌಕಟ್ಟಿನ ಅಂಚಿನಿಂದ ಹೊರಟು ಬಾಗುತ್ತಾ ಹೋದ ಒಂಟಿ ಸೀಳಾದರೆ ಚೌಕಟ್ಟು ತಿರುಚಿಕೊಂಡಿದೆ, ಇಲ್ಲವೆ ಗಾಜನ್ನು ಹಿಡಿದಿರುವ ಪಟ್ಟಿಯ ಮೊಳೆಯೊಂದು ಅಂಚನ್ನು ಒತ್ತುತ್ತಿದೆ. ಒಂದು ಬಿಂದುವಿನಿಂದ ಸುತ್ತಲೂ ಚದುರಿದ ಸೀಳುಗಳಾದರೆ ಆ ಬಿಂದುವಿಗೆ ಏನೋ ಬಡಿದಿದೆ. ಇಲ್ಲಿ ಎರಡನೆಯದೇ ಆಗಿತ್ತು. ಬಡಿದದ್ದು ಹೊರಗಿನಿಂದಲೋ ಒಳಗಿನಿಂದಲೋ? ಚೂರುಗಳನ್ನು ಜೋಡಿಸಿ ಆ ಬಿಂದುವಿನ ಎರಡೂ ಬದಿಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಏಟು ತಗುಲಿದ ಬದಿಯಲ್ಲಿ ಸಣ್ಣ ಚುಕ್ಕೆಯಷ್ಟೇ ಇರುತ್ತದೆ, ಎದುರು ಬದಿಯಲ್ಲಿ ಸಿಪ್ಪೆ ಎದ್ದಂತೆ ಅಗಲವಾದ ಕುಳಿ ಬಿದ್ದಿರುತ್ತದೆ. ಮೆಲ್ಲನೆಯ ಏಟಾದರೆ ಕುಳಿ ಏಳದೆಯೂ ಇರಬಹುದು, ಆಗ ಈ ಪರೀಕ್ಷೆ ಉಪಯೋಗಕ್ಕೆ ಬಾರದು. ಹುಡುಗ ಕಳುಹಿಸಿದ ಚಿತ್ರದಲ್ಲಿ ಕುಳಿ ಸ್ಪಷ್ಟವಾಗಿತ್ತು, ಹೊರಬದಿಯಲ್ಲಿತ್ತು. ಎಂದರೆ ಏಟು ಗೂಡಿನ ಒಳಗಿನಿಂದ ಬಿದ್ದಿದೆ. ಬಾಗಿಲಿನ ಕೆಳ ಅಂಚಿನಿಂದ ಆ ಬಿಂದುವಿಗೆ ಎಷ್ಟು ದೂರ, ಬಿಲ್ಲೆ ತೂಗುವಾಗ ಅದರ ನಡುವಿಗೆ ಎಷ್ಟು ದೂರ ಎಂದು ಅಳೆಯಲು ಹೇಳಿದೆ. ಎರಡೂ ಒಂದೇ ಆಯಿತು. ಬಿಲ್ಲೆಯ ಮುಖದ ಮೇಲೆ ಗಾಜಿನ ಹುಡಿಯೂ ಕಂಡಿತು.

ಪ್ಯಾಕ್ ಮಾಡಿದವರು ಲೋಲಕವನ್ನು ತೆಗೆದಿರಲಿಲ್ಲ. ಅದು ಅಲ್ಲಾಡದಂತೆ ಸುತ್ತಲೂ ವೃತ್ತಪತ್ರಿಕೆಯ ಉಂಡೆಗಳನ್ನು ತುರುಕಿದ್ದರು. ತುರುಕಿದ ಹೊತ್ತಿಗೆ ಅದು ಬಿಗಿಯಾಗಿಯೇ ಇತ್ತು, ಅದರಲ್ಲಿ ಅನುಮಾನವಿಲ್ಲ. ಪತ್ರಿಕೆಯ ಕಾಗದಕ್ಕೆ ಪುಟಿಯುವ ಗುಣವಿಲ್ಲ. ರಾತ್ರಿಯಿಡೀ ನಡುಗಿದರೆ ಅದು ಅಮರಿ ಅರ್ಧವಾಗುತ್ತದೆ. ಆಮೇಲೆ ಬಿಲ್ಲೆಗೆ ಓಡಾಡಲು ಜಾಗ ಸಿಕ್ಕಿತು. ಪೆಟ್ಟಿಗೆಯನ್ನು ಮುಖ ಕೆಳಗಾಗಿ ಮಲಗಿಸಿದ್ದರಂತೂ ಬಿಲ್ಲೆಯ ಇಡೀ ಭಾರ ಗಾಜಿನ ಮೇಲೆಯೇ.

ಇನ್ನು ಕುಂಟು ನಡಿಗೆ. ಲೋಲಕದ ಸರಳು ಯಂತ್ರಕ್ಕೆ ನೇರವಾಗಿ ಸಿಕ್ಕಿಕೊಂಡಿರುವುದಿಲ್ಲ. ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯೊಂದರಿಂದ ತೂಗುತ್ತದೆ. ಲೋಲಕ ಅಡ್ಡಾದಿಡ್ಡಿಯಾಗಿ ಎಳೆದಾಡಿದರೆ ಈ ಪಟ್ಟಿ ತಿರುಚಿಕೊಳ್ಳುತ್ತದೆ. ಗೋಡೆಗೆ ತೂಗುಹಾಕಿ ಮುಂದಿನಿಂದ ನೋಡಿದಾಗ ಬಿಲ್ಲೆ ಎಡಬಲಕ್ಕೆ ನೇರವಾಗಿ ಬೀಸದೆ ಸುಳಿಸುಳಿಯಾಗಿ ಓಲಾಡಿದರೆ ಪಟ್ಟಿ ಹಾಳಾಗಿದೆ ಎಂದೇ ತಿಳಿಯಬೇಕು. ಇಕ್ಕಳದಿಂದ ನೆಟ್ಟಗೆ ಮಾಡಲು ಹೋಗಬೇಡಿ, ಮಡಿಕೆ ಬಿದ್ದ ಪಟ್ಟಿ ಬೇಗ ತುಂಡಾಗುತ್ತದೆ. ಗಡಿಯಾರ ರಿಪೇರಿಯವರ ಬಳಿ ಅದೇ ಅಗಲದ, ಅದೇ ದಪ್ಪದ ಹೊಸ ಪಟ್ಟಿ ಹಾಕಿಸಬೇಕು. ಬೀಸು ನೇರವಾಗಿದ್ದೂ ಸದ್ದು ಕುಂಟಿದರೆ ತಪ್ಪು ಬೇರೆಯದು, ಅದರ ಮಾತು ಮುಂದೆ ಬರುತ್ತದೆ.

ಉಳಿದದ್ದು ಮುರಿದ ಮೊಗ್ಗು. ಅದಕ್ಕೆ ಉತ್ತರ ಸಿಕ್ಕಿದ್ದು ಹುಡುಗ ಕಸದ ಬುಟ್ಟಿಯಿಂದ ಮತ್ತೆ ಹೆಕ್ಕಿದ ಥರ್ಮೋಕೋಲ್ ಹಲಗೆಯಲ್ಲಿ. ಪೆಟ್ಟಿಗೆಯ ತಲೆಯ ಕಡೆ ಇಟ್ಟಿದ್ದ ಆ ಹಲಗೆಯಲ್ಲಿ ಮೊಗ್ಗಿನ ಅಚ್ಚು ಹೆಬ್ಬೆರಳು ಇಳಿಯುವಷ್ಟು ಆಳವಾಗಿ ಮೂಡಿತ್ತು. ಪೆಟ್ಟಿಗೆಯನ್ನು ನೆಟ್ಟಗೆ ಇರಿಸಲಿ ತಲೆಕೆಳಗು ಇರಿಸಲಿ, ಮೇಲಿನ ಹಲಗೆ ಗಡಿಯಾರವನ್ನು ಮುಟ್ಟುತ್ತಿದ್ದುದು ಆ ಒಂದು ಮೊಗ್ಗಿನಲ್ಲಿ ಮಾತ್ರ. ಐದು ಕಿಲೋದ ಗಡಿಯಾರವೆಲ್ಲ ಪೆನ್ಸಿಲಿನಷ್ಟು ದಪ್ಪದ ಕುತ್ತಿಗೆಯ ಮೇಲೆ ನಿಂತಿತ್ತು. ಥರ್ಮೋಕೋಲ್ ಒಮ್ಮೆ ಕುಸಿದರೆ ಮತ್ತೆ ಏಳುವುದಿಲ್ಲ. ಮೊದಲ ಕೆಲವು ಗುಂಡಿಗಳಿಗೇ ಅಲ್ಲಿ ಹಳ್ಳ ಬಿತ್ತು, ಹಳ್ಳದಿಂದಾಗಿ ಗಡಿಯಾರಕ್ಕೆ ಮೇಲೆ ಕೆಳಗೆ ಜಾರಲು ಸಂದು ಸಿಕ್ಕಿತು, ಸಂದಿನಲ್ಲಿ ಅದು ಗುದ್ದುತ್ತಾ ಹೋಯಿತು. ಒಳಗಿನ ಕಾಗದ ಅಮರಿದ್ದೂ ಹೀಗೆಯೇ. ನಾಲ್ಕು ಗಾಯಗಳ ಬುಡ ಒಂದೇ: ಹೊರಡುವಾಗ ಬಿಗಿಯಾಗಿದ್ದದ್ದು ದಾರಿಯಲ್ಲಿ ಸಡಿಲವಾಯಿತು. ಎಸೆತವೂ ಇಲ್ಲ, ಬೀಳುವಿಕೆಯೂ ಇಲ್ಲ.

ಒಂದು ವೇಳೆ ಬಿದ್ದೇ ಇದ್ದಿದ್ದರೆ ಮರದ ಕಟ್ಟು ಬೇರೆ ಕಥೆ ಹೇಳುತ್ತಿತ್ತು. ಹಳೆಯ ಗೂಡುಗಳನ್ನು ಜೋಡಿಸಿರುವುದು ಸರೇಸಿನಿಂದ, ಪ್ರಾಣಿಗಳ ತೊಗಲು ಮೂಳೆ ಬೇಯಿಸಿ ಮಾಡಿದ ಅಂಟು ಅದು. ಅದು ಹಳತಾದ ಹಾಗೆ ಪೆಡಸಾಗುತ್ತದೆ, ಗಟ್ಟಿ ಏಟು ಬಿದ್ದರೆ ಕೂಡು ಚೊಕ್ಕವಾಗಿ ಬಿಟ್ಟುಕೊಳ್ಳುತ್ತದೆ. ಮರ ಸಿಗಿಯದೆ ಕೂಡು ಮಾತ್ರ ಬಿಟ್ಟಿದ್ದರೆ ಹೆದರಬೇಕಾಗಿಲ್ಲ, ಬಿಸಿ ಸರೇಸಿನಲ್ಲಿ ಮತ್ತೆ ಕೂರಿಸಬಹುದು. ಅದಕ್ಕೆ ಫೆವಿಕಾಲ್ ಹಚ್ಚಿ ಕಳುಹಿಸುವ ಆತುರ ಬೇಡ. ಮುಂದೆ ಬಿಚ್ಚಬೇಕಾಗಿ ಬಂದವರು ಶಪಿಸುತ್ತಾರೆ.

ಹೆಚ್ಚು ಫೋಮ್ ಹಾಕಿದರೂ ಒಡೆಯುವುದು ಏಕೆ

"ದಪ್ಪನೆಯ ಫೋಮನ್ನೇ ಹಾಕಿದ್ದೆವಲ್ಲ" ಎನ್ನುವವರು ಬಹಳ ಮಂದಿ. ಇದರಲ್ಲಿ ನಂಬಲು ಕಷ್ಟವಾದ ಒಂದು ವಿಷಯವಿದೆ. ಫೋಮು ಏಟನ್ನು ತಿನ್ನುವುದು ತಾನು ತಗ್ಗುವುದರಿಂದ. ಐದು ಕಿಲೋದ ಗಡಿಯಾರವನ್ನು ಅದರ ಇಡೀ ಬೆನ್ನಿಗೂ ತಾಗುವಂತೆ ಗಟ್ಟಿ ಫೋಮಿನ ಹಾಳೆಯ ಮೇಲೆ ಮಲಗಿಸಿದರೆ ಭಾರ ಎಲ್ಲ ಕಡೆಗೂ ಹಂಚಿಹೋಗುತ್ತದೆ, ಫೋಮು ಒಂದಿಷ್ಟೂ ತಗ್ಗುವುದಿಲ್ಲ. ಆಗ ಅದು ಹಲಗೆಯಷ್ಟೇ ಬಿರುಸು, ಬಂದ ಏಟನ್ನು ಹಾಗೆಯೇ ಒಳಕ್ಕೆ ದಾಟಿಸುತ್ತದೆ. ಅದೇ ಫೋಮನ್ನು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ ಗೂಡಿನ ಗಟ್ಟಿ ಮೂಲೆಗಳ ಅಡಿಯಲ್ಲಿ ಮಾತ್ರ ಇಟ್ಟರೆ ಪ್ರತಿಯೊಂದು ತುಂಡೂ ಸ್ವಲ್ಪ ತಗ್ಗುತ್ತದೆ, ಏಟು ಬಿದ್ದಾಗ ಇನ್ನಷ್ಟು ತಗ್ಗಿ ಮತ್ತೆ ಏಳುತ್ತದೆ. ಕಡಿಮೆ ಫೋಮು ಹೆಚ್ಚು ಕಾಯುತ್ತದೆ ಎಂದರೆ ಪ್ಯಾಕಿಂಗ್ ಅಂಗಡಿಯವರು ನಗುತ್ತಾರೆ, ನಗಲಿ.

ಪರೀಕ್ಷೆ ಸುಲಭ. ಗಡಿಯಾರವನ್ನು ಫೋಮಿನ ತುಂಡುಗಳ ಮೇಲಿಟ್ಟು ಕೈಯಿಂದ ಮೆಲ್ಲಗೆ ಒತ್ತಿ. ಕೊಂಚ ಇಳಿದು, ಕೈ ಬಿಟ್ಟೊಡನೆ ಮೇಲೆದ್ದರೆ ಸರಿಯಾಗಿದೆ. ಒತ್ತಿದರೂ ಇಳಿಯದಿದ್ದರೆ ತುಂಡುಗಳನ್ನು ಇನ್ನಷ್ಟು ಸಣ್ಣದು ಮಾಡಿ. ಒತ್ತುವ ಮೊದಲೇ ಪೂರ್ತಿ ಅಮರಿ ಕೂತಿದ್ದರೆ ತುಂಡುಗಳನ್ನು ಅಗಲ ಮಾಡಿ. ಇದಕ್ಕೆ ಬೇಕಾದ್ದು ಹೊಸ ಫ್ರಿಜ್ಜು ಟಿವಿಗಳ ಸುತ್ತ ಬರುವ, ಬಾಗಿಸಿದರೆ ಮುರಿಯದ ಬಿಳಿ ಫೋಮು. ಕಾಳುಕಾಳಾಗಿ ಉದುರುವ ಥರ್ಮೋಕೋಲನ್ನು ಹೊರಗಿನ ಖಾಲಿ ಮೂಲೆ ತುಂಬಿಸಲು ಬೇಕಾದರೆ ಬಳಸಿ, ಭಾರ ಹೊರಲು ಬೇಡ. ನಮ್ಮಲ್ಲಿ ಸುಲಭವಾಗಿ ಸಿಗುವ ತೆಂಗಿನ ನಾರಿನ ಹುಡಿ, ಬೈಹುಲ್ಲು ಎರಡೂ ತೇವ ಹಿಡಿಯುತ್ತವೆ, ಹುಡಿ ಯಂತ್ರದೊಳಕ್ಕೂ ಇಳಿಯುತ್ತದೆ. ಗಡಿಯಾರಕ್ಕೂ ಕೆತ್ತನೆಗೂ ಅವು ಸಲ್ಲವು.

ಮತ್ತೆ ಕಳುಹಿಸುವಾಗ

ಆ ಗಡಿಯಾರ ಗಾಜು ಹಾಕಿಸಿಕೊಳ್ಳಲು, ಮೊಗ್ಗು ಕೂರಿಸಿಕೊಳ್ಳಲು ಕಾಸರಗೋಡಿಗೇ ಬಂತು. ಬೆಂಗಳೂರಿಗೆ ಮತ್ತೆ ಹೊರಟಾಗ ಮಾಡಿದ್ದು ಇಷ್ಟು.

ಹೊರಡುವ ದಿನಕ್ಕೆ ಮುಂಚೆಯೇ ಕೀಲಿ ಕೊಡುವುದನ್ನು ನಿಲ್ಲಿಸಿ ಗಡಿಯಾರ ತಾನಾಗಿ ನಿಲ್ಲಲು ಬಿಟ್ಟೆವು. ವಾರಕ್ಕೊಮ್ಮೆ ಕೀಲಿ ಬೇಡುವ ಗಡಿಯಾರವಾದರೆ ಒಂದು ವಾರ ಹಿಡಿಯುತ್ತದೆ. ಸ್ಪ್ರಿಂಗ್ ಬಿಗಿಯಾಗಿರುವಾಗ ಲೋಲಕ ತೆಗೆದರೆ ಯಂತ್ರ ಟಕಟಕನೆ ಓಡತೊಡಗುತ್ತದೆ, ಅದಕ್ಕಾಗಿ ಈ ಕಾಯುವಿಕೆ. ಬಿಗಿ ಸ್ಪ್ರಿಂಗನ್ನು ತಾವೇ ಬಿಚ್ಚಲು ಹೊರಡುವವರಿಗೆ ಒಂದೇ ಮಾತು: ಅದಕ್ಕೆ ಬೇರೆ ಉಪಕರಣವಿದೆ, ಅದು ಕೈಯಲ್ಲಿಲ್ಲದೆ ಮುಟ್ಟಿದರೆ ಕೀಲಿ ತಿರುಗಿ ಬೆರಳು ಮುರಿಯಬಹುದು.

ಗಡಿಯಾರ ನಿಂತ ಮೇಲೆ ಬಿಲ್ಲೆಯನ್ನು ಕಳಚಿ, ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ಕೀಲಿಯೊಂದಿಗೆ ಬೇರೆ ಸಣ್ಣ ಡಬ್ಬಿಯಲ್ಲಿ ಇಟ್ಟೆವು. ಡಬ್ಬಿ ಗೂಡಿನ ಒಳಗೆ ಹೋಗಕೂಡದು. ಲೋಲಕವನ್ನು ತಳ್ಳುವ ಸಣ್ಣ ಕಡ್ಡಿ ಯಂತ್ರದ ಹಿಂದೆ ಇರುತ್ತದೆ. ಅದು ಅತ್ತಿತ್ತ ಬಡಿಯದಂತೆ ಎರಡೂ ಬದಿಗೆ ಟಿಶ್ಯೂ ಕಾಗದದ ಮಡಿಕೆ ಇಟ್ಟೆವು. ಗಂಟೆ ಬಡಿಯುವ ಸುತ್ತಿಗೆಗೂ ಸುರುಳಿ ಸರಿಗೆಗೂ ನಡುವೆ ಇನ್ನೊಂದು ಮಡಿಕೆ. ಹತ್ತಿ ಬೇಡ, ಅದರ ಎಳೆ ಹಲ್ಲುಚಕ್ರಗಳಿಗೆ ಸುತ್ತಿಕೊಳ್ಳುತ್ತದೆ. ಎಲ್ಲೆಲ್ಲಿ ಕಾಗದ ಇಟ್ಟಿದ್ದೇವೆ ಎಂದು ಬರೆದ ಚೀಟಿಯನ್ನು ಡಯಲಿನ ಎದುರು ಬಾಗಿಲಿಗೆ ಸಿಕ್ಕಿಸಬೇಕು. ಇಲ್ಲವಾದರೆ ಆ ಕಡೆಯವರು ಕಾಗದ ತೆಗೆಯದೆ ಕೀಲಿ ಕೊಟ್ಟು "ನಡೆಯುವುದಿಲ್ಲ" ಎನ್ನುತ್ತಾರೆ.

ಯಂತ್ರವನ್ನು ಬೆನ್ನಿನ ಹಲಗೆಗೆ ಹಿಡಿದಿರುವ ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಾಗ ಒಂದು ಬರಿದೇ ತಿರುಗುತ್ತಿತ್ತು. ನೂರರ ಹತ್ತಿರದ ಮರದಲ್ಲಿ ಇದು ಸಾಮಾನ್ಯ. ದಪ್ಪ ತಿರುಪು ಹಾಕಿದರೆ ಹಲಗೆ ಸೀಳುತ್ತದೆ. ಬಿದಿರಿನ ಸೀಳಿಗೆ ಸರೇಸು ಹಚ್ಚಿ ತೂತಿಗೆ ಇಳಿಸಿ, ಒಣಗಿದ ಮೇಲೆ ಅದೇ ತಿರುಪನ್ನು ಕೂರಿಸಿದೆವು.

ಕಿರೀಟ ಇಂಥ ಗಡಿಯಾರಗಳಲ್ಲಿ ಬಹಳ ಸಲ ಬೇರೆಯೇ ತುಂಡು. ಎರಡು ಮರದ ಗೂಟಗಳ ಮೇಲೆ ಕೂತಿರುತ್ತದೆ, ಮೇಲಕ್ಕೆ ಎತ್ತಿದರೆ ಬರುತ್ತದೆ. ಬಾರದಿದ್ದರೆ ಜಗ್ಗಬೇಡಿ, ಯಾರೋ ಹಿಂದೆ ಮೊಳೆ ಹೊಡೆದಿರುತ್ತಾರೆ. ಇಲ್ಲಿ ಸಲೀಸಾಗಿ ಬಂತು. ಅದನ್ನು ಒಂದು ತಟ್ಟೆ ಫೋಮಿನಲ್ಲಿ ಅದರದೇ ಆಕಾರದ ಗುಂಡಿ ಕೊರೆದು, ಮೊಗ್ಗುಗಳ ಸುತ್ತ ಬೆರಳಷ್ಟು ಖಾಲಿ ಬಿಟ್ಟು ಮಲಗಿಸಿದೆವು. ಕೆತ್ತನೆಯ ವಿಷಯದಲ್ಲಿ ಹೇಳಬೇಕಾದದ್ದರಲ್ಲಿ ಬಹುಪಾಲು ಇದೇ: ಎದ್ದು ನಿಂತ ಭಾಗಕ್ಕೆ ಏನೂ ತಾಗಬಾರದು, ಭಾರವೆಲ್ಲ ಸಪಾಟಾದ ಗಟ್ಟಿ ಮರದ ಮೇಲೆ ಬೀಳಬೇಕು. ಕೆತ್ತನೆಯನ್ನು ಕಾಪಾಡುತ್ತೇವೆಂದು ಅದರ ಸಂದುಗಳಿಗೆ ಮೆತ್ತನೆಯದನ್ನು ತುರುಕುವುದು ಅದನ್ನು ಮುರಿಯಲು ನೇರ ದಾರಿ.

ಗಾಜಿನ ಹೊರಮೈಗೆ ಮಾಸ್ಕಿಂಗ್ ಟೇಪನ್ನು ಗುಣಾಕಾರದ ಚಿಹ್ನೆಯಂತೆ ಹಚ್ಚಿದೆವು. ಇದರಿಂದ ಗಾಜು ಒಡೆಯುವುದು ತಪ್ಪುವುದಿಲ್ಲ, ಒಡೆದರೆ ಚೂರು ಚೆಲ್ಲಿ ಡಯಲನ್ನು ಗೀರುವುದು ತಪ್ಪುತ್ತದೆ, ಅಷ್ಟೇ. ಗಾಜಿನ ಹಿಂಬದಿಯಲ್ಲಿ ಬಣ್ಣದ ಚಿತ್ರವೋ ಚಿನ್ನದ ಗೆರೆಯೋ ಇದ್ದರೆ ಆ ಬದಿಗೆ ಟೇಪು ತಾಗಲೇಬಾರದು, ಕೀಳುವಾಗ ಬಣ್ಣವೂ ಬರುತ್ತದೆ. ಕಂದು ಬಣ್ಣದ ಪ್ಯಾಕಿಂಗ್ ಟೇಪು ಗಾಜಿಗೂ ಬೇಡ, ಮರಕ್ಕೂ ಬೇಡ.

ಆಮೇಲೆ ಗೂಡಿಗೆ ಮೊದಲ ಸುತ್ತು ಒಗೆದ ಹತ್ತಿ ಬಟ್ಟೆ, ಅದರ ಮೇಲೆ ಬಬಲ್ ರ‍್ಯಾಪ್, ಗುಳ್ಳೆಗಳು ಹೊರಮುಖವಾಗಿ. ಸೆಕೆಯಲ್ಲಿ ನಿಂತ ವಾಹನದೊಳಗೆ ಅರಗಿನ ಪಾಲಿಶ್ ಮೆತ್ತಗಾಗುತ್ತದೆ, ಗುಳ್ಳೆ ನೇರವಾಗಿ ತಾಗಿದ್ದರೆ ದುಂಡುದುಂಡು ಕಲೆ ಅಚ್ಚೊತ್ತುತ್ತದೆ. ತಲುಪಿದ ಗಡಿಯಾರದ ಮೈಯಲ್ಲಿ ಸಾಲಾಗಿ ಉಂಗುರದ ಗುರುತು ಕಂಡರೆ ಕಾರಣ ಇದೇ. ವೃತ್ತಪತ್ರಿಕೆ ಸುತ್ತಿದ್ದರೆ ಮಸಿ ಹತ್ತಿರುತ್ತದೆ.

ಇನ್ನು ಪೆಟ್ಟಿಗೆ. ಗಡಿಯಾರ 75 ಸೆಂಟಿಮೀಟರ್ ಉದ್ದ, 36 ಅಗಲ, 16 ದಪ್ಪ. ಎಲ್ಲ ಬದಿಗೂ 4 ಸೆಂಟಿಮೀಟರ್ ಬಿಟ್ಟು ಒಳಪೆಟ್ಟಿಗೆ, ಅದರ ಸುತ್ತ 5 ಸೆಂಟಿಮೀಟರ್ ಬಿಟ್ಟು ಐದು ಪದರದ ರಟ್ಟಿನ ಹೊರಪೆಟ್ಟಿಗೆ. ಎರಡರ ನಡುವೆ ಮೂಲೆಗಳಲ್ಲಿ ಫೋಮಿನ ತುಂಡುಗಳು. ಹೊರಗಿನ ಅಳತೆ 93, 54, 34 ಆಯಿತು. ಕೊರಿಯರಿನವರು ತೂಕದ ಬದಲು ಗಾತ್ರಕ್ಕೆ ದರ ಹಾಕುವಾಗ ಸಾಮಾನ್ಯವಾಗಿ ಮೂರೂ ಅಳತೆಗಳನ್ನು ಗುಣಿಸಿ 5000ದಿಂದ ಭಾಗಿಸುತ್ತಾರೆ. ಆ ಲೆಕ್ಕದಲ್ಲಿ ಇದು 34 ಕಿಲೋ ಆಗುತ್ತದೆ, ನಿಜವಾದ ತೂಕ ಅದರ ಮೂರನೇ ಒಂದು ಭಾಗವೂ ಇಲ್ಲ. ಎರಡನೇ ಪೆಟ್ಟಿಗೆ ಬೇಡವೆಂದು ಜನ ಜಿಪುಣತನ ಮಾಡುವುದು ಈ ಲೆಕ್ಕ ಕಂಡಾಗಲೇ. ಆಗ ಬಸ್ಸು ಅಥವಾ ರೈಲಿನ ಪಾರ್ಸೆಲ್ ದರ ವಿಚಾರಿಸಿ, ಪದರ ಕಡಿಮೆ ಮಾಡಬೇಡಿ.

ಕೊನೆಯ ಟೇಪು ಹಾಕುವ ಮೊದಲು ಪೆಟ್ಟಿಗೆಯನ್ನು ಆರೂ ಮುಖಗಳ ಮೇಲೆ ಒಂದೊಂದು ಸಲ ಮಲಗಿಸಿ, ಕಿವಿ ಹತ್ತಿರ ಇಟ್ಟು ಮೆಲ್ಲಗೆ ಅಲುಗಾಡಿಸಿ. ಒಂದೇ ಒಂದು ಕಟಕ್ ಕೇಳಿಸಿದರೂ ಮತ್ತೆ ತೆರೆಯಬೇಕು. ಒಂದು ರಾತ್ರಿ ಹಾಗೆಯೇ ಇಟ್ಟು ಬೆಳಿಗ್ಗೆ ಇನ್ನೊಮ್ಮೆ ಕೇಳಿದರೆ ಇನ್ನೂ ಒಳ್ಳೆಯದು. ಅಮರುವ ವಸ್ತುಗಳು ಅಷ್ಟರಲ್ಲಿ ಸ್ವಲ್ಪ ಅಮರಿರುತ್ತವೆ.

ತಲುಪಿದ ಮೇಲೆ ಬಿರಿಯುವ ಹಲಗೆ

ಕೆತ್ತನೆಯ ಹಲಗೆಗಳಲ್ಲಿ ಇನ್ನೊಂದು ದೂರು ಬರುತ್ತದೆ: ತಲುಪಿದಾಗ ಚೆನ್ನಾಗಿಯೇ ಇತ್ತು, ಕೆಲವು ವಾರಗಳ ಮೇಲೆ ಎಳೆಯುದ್ದಕ್ಕೂ ಬಿರಿಯಿತು. ಇದಕ್ಕೂ ಪ್ರಯಾಣದ ಏಟಿಗೂ ಸಂಬಂಧವಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಇಲ್ಲಿಯ ಹಲಸು, ತೇಗ, ಬೀಟಿಯ ಹಲಗೆ ಆ ತೇವಕ್ಕೆ ಒಗ್ಗಿ ಹಿಗ್ಗಿರುತ್ತದೆ. ಅದು ಸೊಲ್ಲಾಪುರದಂಥ ಒಣ ಊರಿಗೋ ಏಸಿ ಕೋಣೆಗೋ ಹೋದರೆ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. 40 ಸೆಂಟಿಮೀಟರ್ ಅಗಲದ ಹಲಗೆ ಎರಡು ಮೂರು ಮಿಲಿಮೀಟರ್ ಕುಗ್ಗಿದರೆ ಅಚ್ಚರಿಯಿಲ್ಲ.

ಬಿರುಕಿನ ಕಾರಣ ಕಾಣಬೇಕಾದರೆ ಹಲಗೆಯ ಹಿಂಬದಿ ನೋಡಿ. ಹಳೆಯ ಆಚಾರಿಗಳು ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಕೂರಿಸುತ್ತಿದ್ದರು, ಹಿಗ್ಗಲು ಕುಗ್ಗಲು ಅದಕ್ಕೆ ಅಲ್ಲಿ ಜಾಗವಿರುತ್ತಿತ್ತು. ಆಮೇಲೆ ಯಾರೋ ಅಲ್ಲಾಡುತ್ತದೆಂದು ಮೊಳೆ ಹೊಡೆದಿರುತ್ತಾರೆ, ಇಲ್ಲವೆ ಪ್ಯಾಕ್ ಮಾಡುವಾಗ ಗಟ್ಟಿಯಿರಲಿ ಎಂದು ಹಿಂದೆ ಅಡ್ಡಪಟ್ಟಿ ಬಡಿದಿರುತ್ತಾರೆ. ಎರಡೂ ಬದಿ ಸಿಕ್ಕಿಹಾಕಿಕೊಂಡು ಕುಗ್ಗಲಾಗದ ಹಲಗೆ ನಡುವೆ ಸೀಳುತ್ತದೆ. ಮೊಳೆಯ ಗೆರೆಗೆ ಸಮೀಪದಿಂದ ಬಿರುಕು ಹೊರಟಿದ್ದರೆ ಬೇರೆ ಸಾಕ್ಷಿ ಬೇಡ. ಬಿರುಕಿಗೆ ಮೇಣವನ್ನೋ ಪುಟ್ಟಿಯನ್ನೋ ತುಂಬಬೇಡಿ. ಮೊಳೆ ಬಿಡಿಸಿ ಒಂದು ಮಳೆಗಾಲ ಕಾಯಿರಿ, ಬಹಳ ಸಲ ಅರ್ಧಕ್ಕರ್ಧ ತಾನೇ ಕೂಡುತ್ತದೆ.

ಕಳುಹಿಸುವವರು ಮಾಡಬಹುದಾದದ್ದು ಎರಡು. ಹಲಗೆಯನ್ನು ಮಳೆಗಾಲ ಕಳೆದ ಮೇಲೆ ಕಳುಹಿಸುವುದು, ಮತ್ತು ಅದು ನೇರವಾಗಿ ಪ್ಲಾಸ್ಟಿಕ್ಕಿನೊಳಗೆ ಹೋಗದಂತೆ ನೋಡಿಕೊಳ್ಳುವುದು. ತೇವವಿರುವ ಮರವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಬೂಸಲು ಖಂಡಿತ. ಬಟ್ಟೆ, ಅದರ ಮೇಲೆ ರಟ್ಟು, ಮಳೆಯ ಭಯವಿದ್ದರೆ ಮಾತ್ರ ಹೊರಪೆಟ್ಟಿಗೆಯ ಒಳಮೈಗೆ ಪ್ಲಾಸ್ಟಿಕ್. ತಲುಪಿದ ಕಡೆ ಪೆಟ್ಟಿಗೆಯ ಬಾಯನ್ನು ಸ್ವಲ್ಪವೇ ತೆರೆದು ಕೆಲವು ದಿನ ಬಿಟ್ಟು ಆಮೇಲೆ ಹಲಗೆಯನ್ನು ಹೊರತೆಗೆಯಬೇಕು.

ನೂರು ವರ್ಷ ದಾಟಿದ ಕೆತ್ತನೆಯನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸಬಹುದೇ ಎಂದು ಕೇಳುವವರಿದ್ದಾರೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ಎಷ್ಟು ಚೆನ್ನಾಗಿ ಪ್ಯಾಕ್ ಮಾಡಿದರೂ ಅದು ಕಸ್ಟಮ್ಸಿನಲ್ಲಿ ನಿಲ್ಲುತ್ತದೆ.

ಕುಂಟುವ ಟಿಕ್ ಟಾಕ್

ಒಂದು ಗಾಯವೂ ಇಲ್ಲದೆ ತಲುಪಿದ ಗಡಿಯಾರವೂ ಹೊಸ ಗೋಡೆಯಲ್ಲಿ ಹತ್ತು ನಿಮಿಷ ನಡೆದು ನಿಲ್ಲುವುದುಂಟು. ದಾರಿಯಲ್ಲಿ ಯಂತ್ರ ಕೆಟ್ಟಿತು ಎಂದು ಜನ ತೀರ್ಮಾನಿಸುತ್ತಾರೆ. ಮೊದಲು ಚೀಟಿ ನೋಡಿ ಒಳಗಿನ ಕಾಗದಗಳೆಲ್ಲ ಹೊರಬಂದಿವೆಯೇ ಎಂದು ಎಣಿಸಿ. ಆಮೇಲೆ ಕಣ್ಣುಮುಚ್ಚಿ ಕೇಳಿ. ಟಿಕ್ಕಿಗೂ ಟಾಕಿಗೂ ನಡುವಿನ ಅಂತರ, ಟಾಕಿಗೂ ಮುಂದಿನ ಟಿಕ್ಕಿಗೂ ನಡುವಿನ ಅಂತರ ಒಂದೇ ಸಮ ಇರಬೇಕು. ಒಂದು ಗಿಡ್ಡ ಒಂದು ಉದ್ದವಾದರೆ ಗಡಿಯಾರದ ಬುಡವನ್ನು ಎಡಕ್ಕೋ ಬಲಕ್ಕೋ ಕೂದಲೆಳೆಯಷ್ಟು ಸರಿಸಿ ಮತ್ತೆ ಕೇಳಿ. ಸಮವಾದ ಕಡೆ ನಿಲ್ಲಿಸಿ, ಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕಿ.

ಸಮವಾದಾಗ ಗೂಡು ಕಣ್ಣಿಗೆ ಓರೆಯಾಗಿ ಕಂಡರೆ ಲೋಲಕವನ್ನು ತಳ್ಳುವ ಕಡ್ಡಿ ಸಾಗಾಟದಲ್ಲಿ ಬಾಗಿದೆ ಎಂದರ್ಥ. ಅದನ್ನು ಬೆರಳಿನಿಂದ ಮೆಲ್ಲಗೆ ಬಾಗಿಸಿ ಸರಿಮಾಡಬಹುದು. ಗೂಡಿನ ಬುಡ ಯಾವ ಕಡೆಗೆ ಸರಿದಾಗ ಸದ್ದು ಸಮವಾಯಿತೋ ಕಡ್ಡಿಯ ತುದಿಯನ್ನೂ ಅದೇ ಕಡೆಗೆ ಒಂದಿಷ್ಟು ಬಾಗಿಸಿ, ಗೂಡನ್ನು ನೆಟ್ಟಗೆ ಮಾಡಿ ಮತ್ತೆ ಕೇಳಿ. ಸದ್ದು ಇನ್ನಷ್ಟು ಕುಂಟಿದರೆ ದಿಕ್ಕು ತಪ್ಪಿದೆ, ಹಿಂದಕ್ಕೆ ಬಾಗಿಸಿದರಾಯಿತು. ನೀರ್ಚಾಲಿನ ಗಡಿಯಾರಕ್ಕೆ ಬೆಂಗಳೂರಿನಲ್ಲಿ ಇಷ್ಟು ಮಾಡಬೇಕಾಗಿ ಬಂತು, ಹುಡುಗ ಫೋನನ್ನು ಗೂಡಿನ ಹತ್ತಿರ ಹಿಡಿದುಕೊಂಡೇ ಮಾಡಿದ. ಈ ಹೊತ್ತಿಗೂ ಅದು ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆಯಂತೆ. ಅದಕ್ಕೆ ಬಿಲ್ಲೆಯ ಕೆಳಗಿನ ಸಣ್ಣ ತಿರುಪನ್ನು ಸಡಿಲಿಸಿ ಬಿಲ್ಲೆಯನ್ನು ಸ್ವಲ್ಪ ಕೆಳಗಿಳಿಸಲು ಹೇಳಿದ್ದೇನೆ.